ನೇರ ಪ್ಲೇಟ್ ಖಾಲಿ, ಎರಡನೆಯದರಲ್ಲಿ 31 ಕಾಲೊನಿ: ಶೇ. 99.999 ಎಂದು ಬರೆಯಬಹುದೇ?

ಪ್ರಶ್ನೆ: ಗುಣಮಟ್ಟ ವಿಭಾಗದ ಸಹಾಯಕಿ

ನೆಲ ಒರೆಸುವ ಸೋಂಕುನಿವಾರಕ ತಯಾರಿಸುವ ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತೇನೆ. ಅದರಲ್ಲಿರುವುದು ಬೆಂಜಾಲ್ಕೋನಿಯಂ ಕ್ಲೋರೈಡ್. 1 ಮಿ.ಲೀ. ಇ. ಕೊಲೈ ದ್ರವಕ್ಕೆ 9 ಮಿ.ಲೀ. ಉತ್ಪನ್ನ ಬೆರೆಸಿ 5 ನಿಮಿಷ ಬಿಟ್ಟೆ. ನಂತರ 1 ಮಿ.ಲೀ.ಗೆ 9 ಮಿ.ಲೀ. ನೀರಿನಂತೆ ಒಂದರಿಂದ ಇನ್ನೊಂದು ಟ್ಯೂಬಿಗೆ ತೆಳುಗೊಳಿಸುತ್ತಾ ಹೋಗಿ, ಪ್ರತಿಯೊಂದರಿಂದ 0.1 ಮಿ.ಲೀ. ಪ್ಲೇಟಿಗೆ ಹಚ್ಚಿದೆ. ನೇರವಾಗಿ ಹಚ್ಚಿದ ಪ್ಲೇಟಿನಲ್ಲಿ ಸೊನ್ನೆ, ಒಂದನೇ ಟ್ಯೂಬಿನದರಲ್ಲಿ 4, ಎರಡನೆಯದರಲ್ಲಿ 31, ಮೂರನೆಯದರಲ್ಲಿ 3 ಕಾಲೊನಿ ಬಂದವು. ಉತ್ಪನ್ನದ ಬದಲು ಸ್ಟೆರೈಲ್ ನೀರು ಹಾಕಿದ ಕಂಟ್ರೋಲ್‌ನ ಐದನೇ ಟ್ಯೂಬಿನ ಪ್ಲೇಟಿನಲ್ಲಿ 42. "ನೇರ ಪ್ಲೇಟ್ ಖಾಲಿ ಇದೆಯಲ್ಲ, ಶೇ. 99.999 ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಹಾಕಿ. 99.9ಕ್ಕೂ ಅದಕ್ಕೂ ಎಷ್ಟು ಮಹಾ ವ್ಯತ್ಯಾಸ" ಎನ್ನುತ್ತಾರೆ ಮಾಲೀಕರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಲೆಕ್ಕ ಹೇಗೆ ಮಾಡಬೇಕು?

ಗಣಿತ ಉಪನ್ಯಾಸಕರು

ಇದು ಸುಲಭ. ಶೇಕಡಾವಾರಿನಲ್ಲಿ ಎಷ್ಟು ಒಂಬತ್ತುಗಳಿವೆಯೋ ಅಷ್ಟು ಲಾಗ್, ಅಂದರೆ ಬದುಕುಳಿದವು ಅಷ್ಟು ಸಲ ಹತ್ತನೇ ಒಂದಕ್ಕೆ ಇಳಿದಿವೆ. 99 ಎಂದರೆ 2 ಲಾಗ್, 99.9 ಎಂದರೆ 3, 99.999 ಎಂದರೆ 5. ನಡುವಿನದಕ್ಕೂ ಅದೇ ಕ್ರಮ: 99.5 ಬಂದರೆ 2.5 ಲಾಗ್ ಎಂದು ಬರೆದುಕೊಳ್ಳಿ. ನಿಮ್ಮ ಮಾಲೀಕರಿಗೆ ಒಂಬತ್ತುಗಳನ್ನು ಎಣಿಸಿ ತೋರಿಸಿದರೆ ಸಾಕು.

ಸೂಕ್ಷ್ಮಜೀವಿ ಪ್ರಯೋಗಾಲಯದ ನಿವೃತ್ತ ಮುಖ್ಯಸ್ಥೆ

ಉಪನ್ಯಾಸಕರು ಹೇಳಿದ್ದು ಬರೀ ಒಂಬತ್ತುಗಳಿದ್ದಾಗ ಸರಿ, 99.5ಕ್ಕೆ ತಪ್ಪು. ಸತ್ತವುಗಳ ಬದಲು ಉಳಿದವುಗಳನ್ನು ನೋಡಿದರೆ ಏಕೆಂದು ಗೊತ್ತಾಗುತ್ತದೆ. ಶೇ. 99 ಸತ್ತರೆ ನೂರರಲ್ಲಿ ಒಂದು ಉಳಿಯುತ್ತದೆ, ಶೇ. 99.5 ಸತ್ತರೆ ಇನ್ನೂರರಲ್ಲಿ ಒಂದು. ಉಳಿದದ್ದು ಅರ್ಧವಾಯಿತು, ಅಷ್ಟೇ. ಅರ್ಧವಾಗುವುದಕ್ಕೆ ಸಿಗುವುದು 0.3 ಲಾಗ್. ಆದ್ದರಿಂದ ಅದು 2.3. ನಿಜವಾದ 2.5 ಲಾಗ್ ಬೇಕಾದರೆ ಶೇ. 99.68 ಸಾಯಬೇಕು. ಎರಡೂ ದಿಕ್ಕಿನ ಸೂತ್ರ ಇಲ್ಲಿದೆ. P ಸತ್ತವುಗಳ ಶೇಕಡಾವಾರು, L ಲಾಗ್.

```
L = -log10(1 - P/100)
P = 100 * (1 - 10^(-L))
```

ಮಾಲೀಕರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮಿಲಿಲೀಟರಿಗೆ ಒಂದು ಕೋಟಿ ಬ್ಯಾಕ್ಟೀರಿಯಾ ಇದ್ದರೆ ಶೇ. 99.9 ಎಂದಾಗ ಹತ್ತು ಸಾವಿರ ಬದುಕಿರುತ್ತವೆ, ಶೇ. 99.999 ಎಂದಾಗ ನೂರು. ಕಾಗದದ ಮೇಲೆ 0.099ರ ವ್ಯತ್ಯಾಸ, ನೆಲದ ಮೇಲೆ ನೂರು ಪಟ್ಟು.

ಈಗ ನಿಮ್ಮ ಪ್ಲೇಟುಗಳಿಗೆ ಬರೋಣ. ಕಂಟ್ರೋಲ್‌ನ 42ನ್ನು ಐದು ಸಲದ ತೆಳುಗೊಳಿಸುವಿಕೆಗಾಗಿ ಒಂದು ಲಕ್ಷದಿಂದ ಗುಣಿಸಿ, ಹಚ್ಚಿದ್ದು 0.1 ಮಿ.ಲೀ. ಮಾತ್ರವಾದ್ದರಿಂದ ಮತ್ತೆ ಹತ್ತರಿಂದ ಗುಣಿಸಿ. ಮಿಲಿಲೀಟರಿಗೆ 4 ಕೋಟಿ 20 ಲಕ್ಷ ಬರುತ್ತದೆ. ಉತ್ಪನ್ನದ ಕಡೆ ನೀವು ಎಣಿಸಬೇಕಾದದ್ದು ಎರಡನೇ ಟ್ಯೂಬಿನ ಪ್ಲೇಟ್, ಏಕೆಂದರೆ ನಂಬಿ ಎಣಿಸಬಹುದಾದ 30ರಿಂದ 300ರೊಳಗೆ ಬಿದ್ದಿರುವುದು ಅದೊಂದೇ. 31ನ್ನು ನೂರರಿಂದ, ಮತ್ತೆ ಹತ್ತರಿಂದ ಗುಣಿಸಿದರೆ 31 ಸಾವಿರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1,355, ಅದರ ಲಾಗ್ 3.13. ಅಂದರೆ ಶೇ. 99.926. ಆ ಕೊನೆಯ ಹತ್ತರ ಗುಣಾಕಾರವನ್ನು ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತರೆ ಉತ್ತರ ಸರಿಯಾಗಿ 1 ಲಾಗ್ ತಪ್ಪುತ್ತದೆ. ಇಂತಹ ಅಚ್ಚುಕಟ್ಟಾದ ತಪ್ಪನ್ನು ನಾನು ಅನೇಕ ವರದಿಗಳಲ್ಲಿ ಹಿಡಿದಿದ್ದೇನೆ.

ಆದರೆ ನನ್ನನ್ನು ಕಾಡುತ್ತಿರುವುದು ಆ ಖಾಲಿ ಪ್ಲೇಟ್. ಎರಡನೇ ಟ್ಯೂಬಿನ ಪ್ರಕಾರ ಮಿಲಿಲೀಟರಿಗೆ 31 ಸಾವಿರ ಬದುಕಿವೆ. ಹಾಗಿದ್ದರೆ ಒಂದನೇ ಟ್ಯೂಬಿನ ಪ್ಲೇಟಿನಲ್ಲಿ ಸುಮಾರು 310 ಕಾಣಬೇಕಿತ್ತು, ಕಂಡದ್ದು 4. ನೇರ ಪ್ಲೇಟಿನಲ್ಲಿ 3,100 ತುಂಬಿ ತುಳುಕಬೇಕಿತ್ತು, ಕಂಡದ್ದು ಸೊನ್ನೆ. ಆ ಸೊನ್ನೆಯನ್ನೇ ನಂಬಿದರೆ ಮಿಲಿಲೀಟರಿಗೆ 10ಕ್ಕಿಂತ ಕಡಿಮೆ ಉಳಿದಿವೆ ಎಂದಾಗಿ 6.6 ಲಾಗ್‌ಗೂ ಹೆಚ್ಚು ಸಿಗುತ್ತದೆ, ಮಾಲೀಕರು ಕೇಳಿದ್ದಕ್ಕಿಂತಲೂ ಹೆಚ್ಚು! ಒಂದೇ ದ್ರವದಲ್ಲಿ ಎರಡೂ ನಿಜವಾಗಿರಲು ಸಾಧ್ಯವಿಲ್ಲ. 0.1 ಮಿ.ಲೀ. ಜೊತೆಗೆ ನಿಮ್ಮ ಬೆಂಜಾಲ್ಕೋನಿಯಂ ಕೂಡ ಅಗರ್ ಮೇಲೆ ಬಂದು ಕುಳಿತಿದೆ. ಅಲ್ಲಿ ಬ್ಯಾಕ್ಟೀರಿಯಾ ಬದುಕಿದ್ದರೂ ಬೆಳೆಯಲಾರವು. ತೆಳುವಾದಂತೆ ರಾಸಾಯನಿಕ ಕಡಿಮೆಯಾಗಿ ಕಾಲೊನಿಗಳು ಹೆಚ್ಚಾಗಿವೆ. ತೆಳುಗೊಳಿಸಿದಷ್ಟೂ ಎಣಿಕೆ ಏರಿದರೆ ಅದು ಇದರದೇ ಗುರುತು.

ಡೈರಿ ಪ್ರಯೋಗಾಲಯದ ತಂತ್ರಜ್ಞ

ಮೇಡಂ, ನಾನು ಸ್ವಲ್ಪ ಬೇರೆ ರೀತಿ ಯೋಚಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರತಿ ಟ್ಯೂಬಿಗೂ ಪಿಪೆಟ್ ತುದಿ ಬದಲಾಯಿಸುತ್ತಿರಲಿಲ್ಲ. ಗಟ್ಟಿ ದ್ರವದ ಹನಿ ತುದಿಗೆ ಅಂಟಿಕೊಂಡು ಮುಂದಿನ ಟ್ಯೂಬುಗಳಿಗೆ ಹೋಗಿ ಅಲ್ಲಿನ ಎಣಿಕೆ ಏರುತ್ತಿತ್ತು. ಹಾಲಿನ ಮಾದರಿ ಕೆಟ್ಟಿದೆ ಎಂದು ವಾರವಿಡೀ ಹುಡುಕಾಡಿದ್ದೆವು. ಇಲ್ಲಿಯೂ ತುದಿಯ ತಪ್ಪಿರಬಹುದು, ಅಥವಾ ಒಂದನೇ ಮತ್ತು ಎರಡನೇ ಪ್ಲೇಟುಗಳ ಚೀಟಿಗಳೇ ಅದಲುಬದಲಾಗಿರಬಹುದು.

ಸೂಕ್ಷ್ಮಜೀವಿ ಪ್ರಯೋಗಾಲಯದ ನಿವೃತ್ತ ಮುಖ್ಯಸ್ಥೆ

ಚೀಟಿ ಅದಲುಬದಲಾಗಿದ್ದರೆ ಒಂದನೆಯದರಲ್ಲಿ 31 ಇರುತ್ತದೆ. ಆಗಲೂ ನೇರ ಪ್ಲೇಟಿನಲ್ಲಿ 300ರಷ್ಟು ಬರಬೇಕು, ಬಂದದ್ದು ಸೊನ್ನೆ. ಚೀಟಿ ಅದನ್ನು ವಿವರಿಸುವುದಿಲ್ಲ. ತುದಿಗೆ ಅಂಟಿ ಹೋಗುವುದು ಮುಂದಿನ ಟ್ಯೂಬಿನ ಎಣಿಕೆಯನ್ನು ಸ್ವಲ್ಪ ಏರಿಸುತ್ತದೆ, ಹಿಂದಿನ ಟ್ಯೂಬಿಗಿಂತ ಎಂಟು ಪಟ್ಟು ಮಾಡುವುದಿಲ್ಲ. ಆದರೆ ತುದಿ ಬದಲಾಯಿಸಿ ಎಂಬ ಮಾತು ನೂರಕ್ಕೆ ನೂರು ಸರಿ.

ಇನ್ನೊಂದು ಸಂಗತಿ ಇದೆ. 31 ಮತ್ತು 3 ಹತ್ತು ಪಟ್ಟಿನ ಕ್ರಮದಲ್ಲಿವೆ, ಹಾಗಾಗಿ ಆ ಎರಡು ಪ್ಲೇಟುಗಳಲ್ಲಿ ಬೆಳವಣಿಗೆ ತಡೆಯಲ್ಪಟ್ಟಂತೆ ಕಾಣುವುದಿಲ್ಲ. ಆದರೂ 5 ನಿಮಿಷ ಮುಗಿದ ಮೇಲೆ ಒಂದನೇ ಟ್ಯೂಬಿನಲ್ಲಿ ಉತ್ಪನ್ನ ಇನ್ನೂ ಶೇ. 9ರಷ್ಟಿತ್ತು. ನೀವು ಮುಂದಿನ ಟ್ಯೂಬ್ ಸಿದ್ಧಪಡಿಸುವವರೆಗೂ ಅದು ಕೊಲ್ಲುತ್ತಲೇ ಇತ್ತೋ ಏನೋ, ಈ ಪ್ಲೇಟುಗಳಿಂದ ತಿಳಿಯುವಂತಿಲ್ಲ. ಆದ್ದರಿಂದ 3.13 ಕೂಡ ನಿಜಕ್ಕಿಂತ ಹೆಚ್ಚಿರುವ ಸಾಧ್ಯತೆ ಇದೆ.

ಒಂದನೇ ಟ್ಯೂಬಿನಲ್ಲಿ ನೀರಿನ ಬದಲು 9 ಮಿ.ಲೀ. ನ್ಯೂಟ್ರಲೈಸರ್, ಅಂದರೆ ಉತ್ಪನ್ನದ ಪರಿಣಾಮವನ್ನು ನಿಲ್ಲಿಸುವ ದ್ರವ ಇಡಿ. ಬೆಂಜಾಲ್ಕೋನಿಯಂಗೆ ಲೆಸಿಥಿನ್ ಮತ್ತು ಟ್ವೀನ್ 80 ಇರುವ ದ್ರವ ಬೇಕು. ಕ್ಲೋರಿನ್ ಉತ್ಪನ್ನವಾಗಿದ್ದರೆ ಸೋಡಿಯಂ ಥಯೋಸಲ್ಫೇಟ್ ಎನ್ನುತ್ತಿದ್ದೆ. ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ: ಮೊದಲು ಉತ್ಪನ್ನ ಮತ್ತು ನ್ಯೂಟ್ರಲೈಸರ್ ಬೆರೆಸಿ 5 ನಿಮಿಷ ಬಿಡಿ, ಆಮೇಲೆ ಪ್ಲೇಟಿನಲ್ಲಿ ಅರವತ್ತರಷ್ಟು ಬರುವಂತೆ ಬ್ಯಾಕ್ಟೀರಿಯಾ ಸೇರಿಸಿ. ಬರೀ ನೀರಿಗೆ ಸೇರಿಸಿದಾಗ ಬಂದ ಎಣಿಕೆಯ ಅರ್ಧಕ್ಕಿಂತ ಕಡಿಮೆ ಬಂದರೆ ಆ ನ್ಯೂಟ್ರಲೈಸರ್ ಪ್ರಯೋಜನವಿಲ್ಲ. ಬರೀ ನ್ಯೂಟ್ರಲೈಸರ್‌ಗೂ ಹಾಗೆಯೇ ಸೇರಿಸಿ ನೋಡಿ, ಅದೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿರಬಾರದು.

ಆಸ್ಪತ್ರೆಯ ಸ್ವಚ್ಛತಾ ಮೇಲ್ವಿಚಾರಕಿ

ನಾವು ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ ಹಾಕಿ ಒರೆಸುತ್ತೇವೆ. 1ಕ್ಕೆ 9ರಂತೆ ಬೆರೆಸಬೇಕೆಂದರೆ ಒಂದು ವಾರ್ಡಿಗೆ ಒಂದು ಕ್ಯಾನ್ ಬೇಕಾಗುತ್ತದೆ, ಅಷ್ಟು ಯಾರು ಕೊಡುತ್ತಾರೆ? ಇಷ್ಟು ದಿನ ನಾವು ಮಾಡಿದ್ದು ತಪ್ಪೇ?

ಸೂಕ್ಷ್ಮಜೀವಿ ಪ್ರಯೋಗಾಲಯದ ನಿವೃತ್ತ ಮುಖ್ಯಸ್ಥೆ

ಇಲ್ಲ ಮೇಡಂ, ಇಲ್ಲಿ ಹೇಳುತ್ತಿರುವುದು ಬದುಕುಳಿದ ಬ್ಯಾಕ್ಟೀರಿಯಾವನ್ನು ಎಣಿಸಲು ಪ್ರಯೋಗಾಲಯದಲ್ಲಿ ತೆಳುಗೊಳಿಸುವ ವಿಷಯ, ಬಕೆಟ್‌ಗೆ ಸಂಬಂಧವಿಲ್ಲ. ನಿಮ್ಮ ಕ್ಯಾನಿನ ಮೇಲೆ ಬರೆದ ಅಳತೆಯನ್ನೇ ಪಾಲಿಸಿ. ಮುಚ್ಚಳದ ಬದಲು ಅಳತೆ ಲೋಟ ಇಟ್ಟುಕೊಂಡರೆ ಒಳ್ಳೆಯದು, ಎಲ್ಲ ಮುಚ್ಚಳಗಳೂ ಒಂದೇ ಗಾತ್ರದವಲ್ಲ.

ಆದರೆ ನಿಮ್ಮ ಮಾತಿನಿಂದ ನಾನು ಕೇಳಲು ಮರೆತದ್ದು ನೆನಪಾಯಿತು. ಪ್ರಶ್ನೆ ಕೇಳಿದವರೇ, ನಿಮ್ಮ ಲೇಬಲ್‌ನಲ್ಲಿ ಗಿರಾಕಿಗೆ ಹೇಳಿರುವ ಅಳತೆ ಎಷ್ಟು?

ಗುಣಮಟ್ಟ ವಿಭಾಗದ ಸಹಾಯಕಿ

ಲೀಟರ್ ನೀರಿಗೆ 20 ಮಿ.ಲೀ. ಮೇಡಂ.

ಸೂಕ್ಷ್ಮಜೀವಿ ಪ್ರಯೋಗಾಲಯದ ನಿವೃತ್ತ ಮುಖ್ಯಸ್ಥೆ

ಅಂದರೆ ಗಿರಾಕಿಯ ಬಕೆಟ್‌ನಲ್ಲಿ ಶೇ. 2. ನಿಮ್ಮ ಟ್ಯೂಬಿನಲ್ಲಿ 10 ಮಿ.ಲೀ.ಗೆ 9 ಮಿ.ಲೀ., ಶೇ. 90. ನೀವು ಪರೀಕ್ಷಿಸಿದ್ದು ಬಕೆಟ್‌ಗಿಂತ ಸುಮಾರು 45 ಪಟ್ಟು ಗಟ್ಟಿಯಾದ ದ್ರವ. ಅದರಲ್ಲಿ ಬಂದ ಲಾಗ್ ಯಾವ ಮನೆಯ ನೆಲಕ್ಕೂ ಅನ್ವಯಿಸುವುದಿಲ್ಲ. ಯುರೋಪಿನ ಇಎನ್ 1276 ಪರೀಕ್ಷೆಯಲ್ಲಿ 1 ಮಿ.ಲೀ. ಬ್ಯಾಕ್ಟೀರಿಯಾ, 1 ಮಿ.ಲೀ. ಕೊಳೆಯನ್ನು ಅನುಕರಿಸುವ ಆಲ್ಬುಮಿನ್ ದ್ರವ, 8 ಮಿ.ಲೀ. ಉತ್ಪನ್ನ ಬೆರೆಸುತ್ತಾರೆ. ಅದಕ್ಕಾಗಿ ಉತ್ಪನ್ನವನ್ನು ಮೊದಲೇ ಕಾಲು ಭಾಗ ಹೆಚ್ಚು ಗಟ್ಟಿ ಮಾಡಿಕೊಳ್ಳುತ್ತಾರೆ. ನಿಮಗೆ ಶೇ. 2 ಬೇಕಾದರೆ ಶೇ. 2.5ರದು ತಯಾರಿಸಿ. ಅಲ್ಲಿ ತೇರ್ಗಡೆಗೆ 5 ಲಾಗ್ ಬೇಕು.

ಗಣಿತ ಉಪನ್ಯಾಸಕರು

99.5ರ ಬಗ್ಗೆ ನಾನು ತಪ್ಪಿದ್ದೆ, ಒಪ್ಪುತ್ತೇನೆ. ಒಂದು ಅನುಮಾನ: ಒಮ್ಮೆ ಒರೆಸಿದರೆ ಶೇ. 99 ಸಾಯುವುದಾದರೆ ಎರಡು ಸಲ ಒರೆಸಿದರೆ 2 ಮತ್ತು 2 ಕೂಡಿ 4 ಲಾಗ್ ಆಗಬೇಕಲ್ಲವೇ?

ಸೂಕ್ಷ್ಮಜೀವಿ ಪ್ರಯೋಗಾಲಯದ ನಿವೃತ್ತ ಮುಖ್ಯಸ್ಥೆ

ಲೆಕ್ಕ ಸರಿ. ಲಾಗ್‌ಗಳನ್ನು ಕೂಡಬಹುದು, ಶೇಕಡಾವಾರನ್ನು ಕೂಡಲಾಗದು. ಆದರೆ ಮೊದಲ ಸಲ ಉಳಿದವು ಬಿರುಕಿನಲ್ಲಿ, ಜಿಡ್ಡಿನಡಿಯಲ್ಲಿ ಸಿಕ್ಕಿಕೊಂಡಿರುವವು. ಎರಡನೇ ಸಲ ಅವು ಅಷ್ಟೇ ಸುಲಭವಾಗಿ ಸಾಯುತ್ತವೆ ಎಂದು ನಾನು ಹೇಳಲಾರೆ. ಅಳೆದೇ ನೋಡಬೇಕು.

ಗುಣಮಟ್ಟ ವಿಭಾಗದ ಸಹಾಯಕಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ನ್ಯೂಟ್ರಲೈಸರ್ ಪರೀಕ್ಷೆಯಲ್ಲಿ ನೀರಿನಲ್ಲಿ 64, ಬರೀ ನ್ಯೂಟ್ರಲೈಸರ್‌ನಲ್ಲಿ 61, ಉತ್ಪನ್ನದೊಂದಿಗೆ 57 ಬಂದವು. ಮೊದಲು ಹಳೆಯ ರೀತಿಯಲ್ಲೇ, ಗಟ್ಟಿ ಉತ್ಪನ್ನದಲ್ಲಿ, ನ್ಯೂಟ್ರಲೈಸರ್ ಮಾತ್ರ ಸೇರಿಸಿ ಮಾಡಿದೆ. ಕಂಟ್ರೋಲ್‌ನ ಐದನೇ ಟ್ಯೂಬಿನಲ್ಲಿ 39. ಉತ್ಪನ್ನದ ಕಡೆ ಒಂದನೇ ಪ್ಲೇಟ್ ಎಣಿಸಲಾಗದಷ್ಟು ತುಂಬಿತ್ತು, ಎರಡನೆಯದರಲ್ಲಿ 148, ಮೂರನೆಯದರಲ್ಲಿ 16. ನನ್ನ ಲೆಕ್ಕದಲ್ಲಿ 3 ಕೋಟಿ 90 ಲಕ್ಷದಿಂದ 1 ಲಕ್ಷ 48 ಸಾವಿರಕ್ಕೆ ಇಳಿದಿದೆ: 2.42 ಲಾಗ್, ಶೇ. 99.62. ಮಾಲೀಕರಿಗೆ ಎರಡೂ ಸಲದ ಪ್ಲೇಟುಗಳ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. 2.42ನ್ನು 3 ಎಂದು ಬರೆಯಬಹುದೇ ಎಂದು ಕೇಳಿದರು.

ಸೂಕ್ಷ್ಮಜೀವಿ ಪ್ರಯೋಗಾಲಯದ ನಿವೃತ್ತ ಮುಖ್ಯಸ್ಥೆ

ಬರೆಯಬಾರದು. 3 ಲಾಗ್ ಎಂದರೆ ಕೋಟಿಯಲ್ಲಿ ಹತ್ತು ಸಾವಿರ ಉಳಿಯಬೇಕು, ನಿಮ್ಮಲ್ಲಿ ಸುಮಾರು 38 ಸಾವಿರ ಉಳಿದಿವೆ. ಲಾಗ್ ಅನ್ನು ಮೇಲಕ್ಕೆ ಸರಿಸಿ ಬರೆದರೆ ಬದುಕಿದವುಗಳನ್ನು ಸತ್ತವೆಂದು ಬರೆದಂತೆ. ಇದು ಒಂದೇ ಸಲದ ಫಲಿತಾಂಶ, ಬೇರೆ ಬೇರೆ ದಿನ ಇನ್ನೂ ಎರಡು ಸಲ ಮಾಡಿ. ಸರಾಸರಿ ತೆಗೆಯುವಾಗ ಲಾಗ್‌ಗಳ ಸರಾಸರಿ ತೆಗೆಯಿರಿ.

ಡೈರಿ ಪ್ರಯೋಗಾಲಯದ ತಂತ್ರಜ್ಞ

ಗಟ್ಟಿ ಉತ್ಪನ್ನದಲ್ಲೇ 2.42 ಬಂದರೆ ಶೇ. 2ರಲ್ಲಿ ಏನು ಉಳಿಯುತ್ತದೆ? ನನಗೆ ಈಗಲೂ ನಿಮ್ಮ ತಯಾರಿಕೆಯಲ್ಲಿ ಬೆಂಜಾಲ್ಕೋನಿಯಂ ಹೇಳಿದಷ್ಟು ಇದೆಯೇ ಎಂಬ ಸಂಶಯ. ಅದರಲ್ಲಿ ಸಾಬೂನು ಬೆರೆಸುತ್ತೀರಾ? ಸಾಮಾನ್ಯ ಸಾಬೂನು ಅದನ್ನು ನಿಷ್ಕ್ರಿಯಗೊಳಿಸುತ್ತದೆ.

ಗುಣಮಟ್ಟ ವಿಭಾಗದ ಸಹಾಯಕಿ

ನೊರೆಗಾಗಿ ಏನೋ ಸೇರಿಸುತ್ತಾರೆ, ಅದರ ಹೆಸರು ನನಗೆ ತಿಳಿಸಿಲ್ಲ. ನಾಳೆ ಉತ್ಪಾದನೆಯವರನ್ನು ಕೇಳುತ್ತೇನೆ. ಶೇ. 2.5ರ ದ್ರವವನ್ನು ತಯಾರಿಸಿಟ್ಟಿದ್ದೇನೆ. ಆಲ್ಬುಮಿನ್ ಇನ್ನೂ ಬಂದಿಲ್ಲ.