ಪದಚರ್ಚೆ: ‘ನೀವು ಸರಿ ಮಾಡಿಸಿಲ್ಲ’ – ಚುಚ್ಚದ ಹಾಗೆ ಬರೆಯುವುದು ಹೇಗೆ?

ರೇಖಾ:
ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆಯೊಳಗೆ ಬೇಕು, ಹಾಗಾಗಿ ನೇರವಾಗಿ ಕೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ 202ರ ಬಾತ್‌ರೂಮ್ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿದೆ. ಅದರ ಮೇಲಿರುವುದು 302. ಎರಡೂ ಮನೆಯವರಿಗೆ ಈಗ ಮಾತಿಲ್ಲ. ಸಂಘದಿಂದ 302ಕ್ಕೆ ಪತ್ರ ಹೋಗಬೇಕು. ಕಾರ್ಯದರ್ಶಿ ಬರೆದದ್ದು ಹೀಗಿದೆ:

“ನೀವು ಬಾತ್‌ರೂಮಿನಿಂದ ನೀರು ಸೋರಿಸಿ 202ರ ಸೀಲಿಂಗ್ ಹಾಳು ಮಾಡಿದ್ದೀರಿ. ಎಷ್ಟು ಸಲ ಹೇಳಿದರೂ ನೀವು ಸರಿ ಮಾಡಿಸಿಲ್ಲ. ಕೂಡಲೇ ಮಾಡಿಸದಿದ್ದರೆ ಕ್ರಮ ಕೈಗೊಳ್ಳಲಾಗುವುದು.”

ಇದು ಹೋದರೆ ಜಗಳ ಗ್ಯಾರಂಟಿ. ಎರಡು ಕಡೆಯೂ ‘ನೀವು’ ತೆಗೆದು ನೋಡಿದೆ, ಆದರೂ ಬೈದ ಹಾಗೇ ಇದೆ. ಇನ್ನೊಂದು, ಮೇಲೆ ‘ವಿಷಯ: ಸೋರಿಕೆ ದೂರು’ ಅಂತಿದೆ. ‘ದೂರು’ ಬದಲು ಏನು ಹಾಕಲಿ?

ಶ್ರೀಪಾದ:
ದೂರು ಅಚ್ಚಗನ್ನಡ. ಹಳಗನ್ನಡದಲ್ಲಿ ಇದರ ‘ರ’ ಶಕಟರೇಫ ಎಂಬ ಹಳೆಯ ಅಕ್ಷರ, ದೂಱು. ತಮಿಳಿನಲ್ಲೂ ಒಡಹುಟ್ಟಿದ ಪದವಿದೆ. ಸಂಸ್ಕೃತದ ‘ದೂರ’ಕ್ಕೂ ಇದಕ್ಕೂ ನಂಟಿಲ್ಲ, ಹಾಗೆ ನಂಟು ಕಟ್ಟುವವರು ಇಲ್ಲೂ ಇದ್ದಾರೆ, ಅದಕ್ಕೇ ಹೇಳಿದೆ. ಇಷ್ಟು ಒಳ್ಳೆಯ ಪದವನ್ನು ಯಾಕೆ ತೆಗೆಯಬೇಕು? ತೆಗೆಯಬೇಕಾದ್ದು ‘ಬಾತ್‌ರೂಮ್’, ‘ಸೀಲಿಂಗ್’. ಬಚ್ಚಲು ಸತ್ತುಹೋಗಿದೆಯಾ?

ನಾಗರಾಜ:
ಕಚೇರಿಯಲ್ಲಿ ನಮಗೆ ಇದರದ್ದೇ ತರಬೇತಿ ಕೊಟ್ಟಿದ್ದರು. ‘ನೀವು’ ಅಂತ ಶುರು ಮಾಡಬಾರದು, ‘ನಾನು’ ಅಂತ ಶುರು ಮಾಡಬೇಕು. “ಸೋರಿಕೆಯಿಂದ ನಮಗೆ ಬೇಸರವಾಗಿದೆ” ಅನ್ನಿ. ಉಳಿದದ್ದಕ್ಕೆಲ್ಲ ‘-ಲಾಗಿದೆ’ ಹಾಕಿಬಿಡಿ. “ಹಲವು ಬಾರಿ ತಿಳಿಸಲಾಗಿದೆ, ದುರಸ್ತಿ ಮಾಡಲಾಗಿಲ್ಲ.” ಯಾರ ಹೆಸರೂ ಬರುವುದಿಲ್ಲ.

ಜಯಲಕ್ಷ್ಮಿ:
ಸಂಘಕ್ಕೆ ಬೇಸರ ಆಗುತ್ತದಾ, ನಾಗರಾಜ್? ‘ನಾನು’ ಮಾತು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್ ಅಪ್ಪ ಅಮ್ಮಂದಿರಿಗೆ, ಮಕ್ಕಳ ಜೊತೆ ಮಾತಾಡಲು ಹೇಳಿಕೊಟ್ಟದ್ದು. ಇಬ್ಬರು ಎದುರೆದುರು ಕೂತಾಗ ಸರಿ. ಸಂಘದ ಲೆಟರ್‌ಹೆಡ್ಡಿನಲ್ಲಿ “ನಮಗೆ ಬೇಸರವಾಗಿದೆ” ಅಂದರೆ ಎಚ್ಚರಿಕೆ ಅಂತಲೇ ಓದುತ್ತಾರೆ.

ರೇಖಾ, ‘ನೀವು’ ತೆಗೆದರೂ ಚುಚ್ಚುವುದು ಯಾಕೆ ಅಂದರೆ ಅದು ಕ್ರಿಯಾಪದದ ಬಾಲದಲ್ಲೇ ಕೂತಿದೆ. ‘ಹಾಳು ಮಾಡಿದ್ದೀರಿ’ಯಲ್ಲಿ ‘-ಈರಿ’ ಇದೆಯಲ್ಲ, ಅದೇ ‘ನೀವು’. ‘ಮಾಡು’ ಬಿಟ್ಟು ‘ಆಗು’ಗೆ ಬನ್ನಿ: ‘ಸೀಲಿಂಗ್ ಹಾಳಾಗಿದೆ’. ಈಗ ಮಾತು ಸೀಲಿಂಗಿನ ಬಗ್ಗೆ.

‘ಸರಿ ಮಾಡಿಸಿಲ್ಲ’ದಲ್ಲಿ ಬಾಲವೇ ಇಲ್ಲ. ‘ಇಲ್ಲ’ಕ್ಕೆ ನಾನು, ನೀನು, ಅವರು ಎಲ್ಲ ಒಂದೇ. ಹಾಗಿದ್ದೂ ಚುಚ್ಚುತ್ತದೆ, ಯಾಕೆಂದರೆ ಅದರ ಹಿಂದೆ ‘ಎಷ್ಟು ಸಲ ಹೇಳಿದರೂ’ ನಿಂತಿದೆ. ಏಟು ಅಲ್ಲಿರುವುದು. ಅದನ್ನು ತಿದ್ದಲು ಹೋಗಬೇಡಿ, ಪೂರ್ತಿ ಕಿತ್ತುಹಾಕಿ.

‘-ಲಾಗಿದೆ’ಯಿಂದ ಬೈಗುಳ ಹೋಗುವುದಿಲ್ಲ, ಬೈದವರು ಮಾತ್ರ ಮಾಯವಾಗುತ್ತಾರೆ. ‘ಕ್ರಮ ಕೈಗೊಳ್ಳಲಾಗುವುದು’ ಹೆದರಿಸುವುದು ಅದಕ್ಕೇ. ಯಾರು, ಏನು ಕ್ರಮ ಅಂತ ಗೊತ್ತಾಗಲ್ಲ. ಆದದ್ದನ್ನು ಹೇಳುವಾಗ ಮಾಡಿದವರನ್ನು ಬಿಡಿ. ಮುಂದಿನದನ್ನು ಹೇಳುವಾಗ ಮಾಡುವವರನ್ನು ಬಿಡಬೇಡಿ.

ಸವಿತಾ:
ಇದು ಶಾಲೆಯವರಿಗೂ ಯಾರಾದರೂ ಹೇಳಿಕೊಡಬೇಕು. ಮಗನ ಡೈರಿಯಲ್ಲಿ “ನಿಮ್ಮ ಮಗ ಹೋಂವರ್ಕ್ ಮಾಡುವುದಿಲ್ಲ” ಅಂತ ಬರೆದು ಕಳಿಸಿದರು. ಕೇಳಿದರೆ ಆ ವಾರ ಎರಡು ದಿನ ಗಣಿತದ್ದು ತಂದಿರಲಿಲ್ಲ, ಅಷ್ಟೇ. ನಾನೂ ಖಾರವಾಗಿ ಉತ್ತರ ಬರೆದೆ. ಡೈರಿಗೆ ಕನ್ನಡದಲ್ಲಿ ಏನನ್ನಬೇಕು, ದಿನಚರಿಯಾ?

ಜಯಲಕ್ಷ್ಮಿ:
ಡೈರಿ ಡೈರಿಯೇ ಇರಲಿ. ನಿಮ್ಮ ಉದಾಹರಣೆ ಮಾತ್ರ ಚೆನ್ನಾಗಿದೆ. ‘ಮಾಡುವುದಿಲ್ಲ’ ಅಂದರೆ ಹುಡುಗನ ಸ್ವಭಾವವೇ ಹಾಗೆ ಅಂದಂತೆ. ‘ಸೋಮವಾರ, ಬುಧವಾರ ತಂದಿರಲಿಲ್ಲ’ ಅಂದರೆ ಎರಡು ದಿನದ ಮಾತು. ಅದಕ್ಕೆ ಉತ್ತರ ಕೊಡಬಹುದು. ಸ್ವಭಾವಕ್ಕೆ ಏನು ಉತ್ತರ ಕೊಡುತ್ತೀರಿ?

ಇಮ್ತಿಯಾಜ್:
ವ್ಯಾಕರಣ ನನಗೆ ಗೊತ್ತಿಲ್ಲ, ಕಟ್ಟಡದ ಕೆಲಸ ಗೊತ್ತು. ‘302ರಿಂದ ಸೋರುತ್ತಿದೆ’ ಅಂತ ಯಾರು ನೋಡಿದ್ದು? ಇಂಥ ಕಟ್ಟಡಗಳಲ್ಲಿ ಜಾಸ್ತಿ ಕಡೆ ಬಾತ್‌ರೂಮಿನ ಸ್ಲ್ಯಾಬ್ ತಗ್ಗಿಸಿ ಹಾಕಿ, ಮೇಲೆ ಇಟ್ಟಿಗೆ ಚೂರು ತುಂಬಿರುತ್ತಾರೆ. ನೀರು ಒಂದು ಕಡೆ ಇಳಿದು, ಆ ತುಂಬಿನಲ್ಲಿ ನಿಂತು, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಡಕ್ಟ್‌ನಲ್ಲಿ ಎಲ್ಲ ಮನೆಗಳಿಗೂ ಸೇರಿದ ಪೈಪಿನಿಂದಲೂ ಬರಬಹುದು. ಹಾಗಾದರೆ ಖರ್ಚು ಸಂಘದ್ದು, ಪತ್ರ ಕಳಿಸಿದವರದ್ದೇ!

ಯಾರೂ ನೀರು ಬಳಸದಿದ್ದಾಗಲೂ ಒಂದೇ ಸಮ ತೊಟ್ಟಿಕ್ಕಿದರೆ ನಲ್ಲಿಗೆ ಬರುವ ಪೈಪನ್ನು ಅನುಮಾನಿಸಿ. ಒಳಬರುವ ವಾಲ್ವ್ ಮುಚ್ಚಿ ನೋಡಿ. ಸ್ನಾನದ ನಂತರ ಮಾತ್ರ ಜಾಸ್ತಿಯಾದರೆ ನೆಲ ಅಥವಾ ನೆಲದ ನೀರು ಹೊರಹೋಗುವ ನಹನಿ ಟ್ರ್ಯಾಪ್. ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಆಗ ಕೆಳಗೆ ತೊಟ್ಟಿಕ್ಕುವುದು ಹೆಚ್ಚಾದರೆ ಟೈಲ್ಸ್ ಸಂದು, ಇಲ್ಲಾ ಟ್ರ್ಯಾಪಿನ ಸುತ್ತಲಿನ ಅಂಚು. ಹೆಚ್ಚಾಗದೆ, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಹೆಚ್ಚಾದರೆ ಟ್ರ್ಯಾಪ್ ಅಥವಾ ಅದರ ಕೆಳಗಿನ ಪೈಪು.

ಜಯಲಕ್ಷ್ಮಿ:
ಹಾಗಾದರೆ ಕಾರ್ಯದರ್ಶಿಯ ಮೊದಲ ವಾಕ್ಯ ಒರಟು ಮಾತ್ರ ಅಲ್ಲ, ಸುಳ್ಳೂ ಇರಬಹುದು. ಕಂಡದ್ದು ಕೆಳಗಿನ ನೀರು. ‘302ರಿಂದ’ ಅನ್ನುವುದು ಊಹೆ.

ನಾಗರಾಜ:
ಒಪ್ಪಿದೆ. ‘ನಾವು’ ಹಾಕಬಹುದಾ ಆದರೂ? ಒಗ್ಗಟ್ಟು ಕಾಣುತ್ತದೆ.

ಜಯಲಕ್ಷ್ಮಿ:
ತೆಲುಗಿನಲ್ಲಿ ಮನಮು, ಮೇಮು ಬೇರೆ ಬೇರೆ. ಕೇಳುವವರು ಒಳಗೋ ಹೊರಗೋ ಅಂತ ಪದವೇ ಹೇಳುತ್ತದೆ. ನಮ್ಮ ‘ನಾವು’ಗೆ ಆ ಭೇದವಿಲ್ಲ. ಸಂಘ ‘ನಾವು’ ಅಂದರೆ 302ರವರು ತಮ್ಮನ್ನು ಬಿಟ್ಟು ಅಂತಲೇ ಓದುತ್ತಾರೆ. ‘ನೋಡೋಣ’, ‘ತೀರ್ಮಾನಿಸೋಣ’ ಅನ್ನಿ. ‘-ಓಣ’ದಲ್ಲಿ ಕೇಳುವವರೂ ಸೇರಿರುತ್ತಾರೆ. ಆದರೆ ನಿಜವಾಗಿ ಒಟ್ಟಿಗೆ ಮಾಡುವ ಕೆಲಸಕ್ಕೆ ಮಾತ್ರ. ‘ಬಿಲ್ ಕಟ್ಟೋಣ’ ಅಂತ ಸಂಘ ಬರೆದರೆ ನಗುತ್ತಾರೆ.

ರೇಖಾ:
ಎಲ್ಲ ಸೇರಿಸಿ ಹೀಗೆ ಬರೆದಿದ್ದೇನೆ. ‘ದೂರು’ ತೆಗೆದೆ, ಶ್ರೀಪಾದ ಅವರು ಬೇಜಾರು ಮಾಡಿಕೊಳ್ಳಬಾರದು.

“ವಿಷಯ: 202ರ ಬಚ್ಚಲುಮನೆಯಲ್ಲಿ ಸೋರಿಕೆ – ಮೂಲ ಪತ್ತೆ ಮಾಡುವ ಬಗ್ಗೆ
202ರ ಬಚ್ಚಲುಮನೆಯ ಸೀಲಿಂಗಿನಿಂದ ಮೂರು ವಾರಗಳಿಂದ ನೀರು ತೊಟ್ಟಿಕ್ಕುತ್ತಿದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಇನ್ನೂ ಗೊತ್ತಾಗಿಲ್ಲ. ಸಂಘದ ಪ್ಲಂಬರ್ ಶನಿವಾರ ಬೆಳಿಗ್ಗೆ 10ಕ್ಕೆ ಮೊದಲು ಡಕ್ಟ್ ನೋಡಿ, ನಂತರ 302ಕ್ಕೆ ಬರುತ್ತಾರೆ. ಪರೀಕ್ಷೆಗಾಗಿ 302ರ ಆ ಬಚ್ಚಲುಮನೆಯನ್ನು 24 ಗಂಟೆ ಬಳಸದೆ ಬಿಡಬೇಕಾಗುತ್ತದೆ. ಈ ಸಮಯ ಅನುಕೂಲವಿಲ್ಲದಿದ್ದರೆ ಗುರುವಾರದೊಳಗೆ ಕಾರ್ಯದರ್ಶಿಗೆ ತಿಳಿಸಿ. ಭಾನುವಾರ ಎರಡು ಮನೆಯವರೂ ಸಂಘದವರೂ ಸೇರಿ ಫಲಿತಾಂಶ ನೋಡಿ, ದುರಸ್ತಿ ಯಾರಿಂದ, ಯಾವಾಗ ಎಂದು ತೀರ್ಮಾನಿಸೋಣ.”

ಇಮ್ತಿಯಾಜ್:
ಭಾನುವಾರವೇ ಫಲಿತಾಂಶ ಅಂತ ಬರೆಯಬೇಡಿ. ತುಂಬಿನಲ್ಲಿ ನಿಂತ ನೀರು ಕೆಲವು ದಿನ ಇಳಿಯುತ್ತಲೇ ಇರುತ್ತದೆ. ಭಾನುವಾರ ಕೆಳಗೆ ಏನೂ ಹೆಚ್ಚಾಗಿ ಕಾಣದಿದ್ದರೆ 302ರವರು ‘ನಮ್ಮದಲ್ಲ’ ಅಂತಾರೆ, ಮತ್ತೆ ಶುರು. ‘ಭಾನುವಾರ ಕಂಡದ್ದನ್ನು ನೋಡಿ, ಇನ್ನೊಮ್ಮೆ ಪರೀಕ್ಷೆ ಬೇಕಾ ಎಂದು ತೀರ್ಮಾನಿಸೋಣ’ ಅನ್ನಿ.

ನಾಗರಾಜ:
ಹಿಂದೆ ಹೇಳಿದ್ದಕ್ಕೆ ದಾಖಲೆ ಬೇಡವಾ? ನಾಳೆ ವಿಷಯ ಮುಂದೆ ಹೋದರೆ ಸಂಘ ಏನು ತೋರಿಸುತ್ತದೆ?

ಜಯಲಕ್ಷ್ಮಿ:
ತಾರೀಖು ಹಾಕಿ ‘ಈ ಬಗ್ಗೆ ಮಾತಾಡಿದ ದಿನಗಳು’ ಅಂತ ಕೊನೆಯಲ್ಲಿ ಒಂದು ಸಾಲು ಬರೆಯಬಹುದು. ಮೊದಲ ಪತ್ರದಲ್ಲೇ ಬೇಕಾ ಅಂತ ನನಗೆ ಅನುಮಾನ.

ನಾಗರಾಜ:
ನನಗೆ ಅನುಮಾನವಿಲ್ಲ. ಬೇಕು.

ಶ್ರೀಪಾದ:
ಬಚ್ಚಲುಮನೆ ಬಂತು, ಸಂತೋಷ. ಸೀಲಿಂಗ್ ಉಳಿಯಿತು. ‘ಸೂರು’ ಇರುವಾಗ ಇದು ಯಾಕೆ?

ಇಮ್ತಿಯಾಜ್:
ಸೂರಿನಿಂದ ತೊಟ್ಟಿಕ್ಕುತ್ತಿದೆ ಅಂದರೆ ನನ್ನ ಹುಡುಗರು ನೇರ ಟೆರೇಸಿಗೆ ಹೋಗುತ್ತಾರೆ ಸಾರ್.

ಶ್ರೀಪಾದ:
ಹುಡುಗರಿಗೆ ಕನ್ನಡ ಕಲಿಸಿ.