ಬಿಸಿಬೇಳೆಬಾತ್ ಅಂಚಿನಲ್ಲಿ 68 ಡಿಗ್ರಿ, ನಡುವೆ 51: ತಪ್ಪು ಎಲ್ಲಿದೆ?

ಉತ್ತರಹಳ್ಳಿ ಅಡುಗೆ
ನಾನೂ ನನ್ನ ಭಾವನೂ ಸೇರಿ ಸಣ್ಣ ಮಟ್ಟದಲ್ಲಿ ಮದುವೆ ಅಡುಗೆ ವಹಿಸಿಕೊಳ್ಳುತ್ತೇವೆ. ಕಳೆದ ಶನಿವಾರ ಕನಕಪುರ ರಸ್ತೆಯ ಒಂದು ಛತ್ರದಲ್ಲಿ ಆರತಕ್ಷತೆ ಇತ್ತು, 400 ಜನ. ಅಡುಗೆಮನೆ ನೆಲಮಾಳಿಗೆಯಲ್ಲಿ, ಬಫೆ ಮೇಲೆ ಹುಲ್ಲುಹಾಸಿನಲ್ಲಿ. ಬಿಸಿಬೇಳೆಬಾತನ್ನು ಆರೂಕಾಲಿಗೆ ಒಲೆಯಿಂದ ಇಳಿಸಿ, ಏಳಕ್ಕೆ ಎರಡು ಚೇಫಿಂಗ್ ಡಿಶ್‌ಗಳಿಗೆ ತುಂಬಿದೆವು. ಕೆಳಗಿನ ತಟ್ಟೆಗೆ ನಲ್ಲಿ ನೀರು ಹಾಕಿ, ಜೆಲ್ ಡಬ್ಬಿ ಹಚ್ಚಿದೆವು.

ಎಂಟೂವರೆಗೆ ಗನ್ ಥರ್ಮೋಮೀಟರ್ ಹಿಡಿದರೆ ಅಂಚಿನಲ್ಲಿ 68 ತೋರಿಸಿತು. ಹೊಸದಾಗಿ ಕೊಂಡ ಕಡ್ಡಿ ಥರ್ಮೋಮೀಟರನ್ನು ನಡುವೆ ಚುಚ್ಚಿದರೆ 51. 60ಕ್ಕಿಂತ ಕೆಳಗೆ ಇಳಿಯಬಾರದು ಎಂದು ಗೊತ್ತಿದೆ. ಪಕ್ಕದಲ್ಲೇ ಅದೇ ಥರದ ಪಾತ್ರೆಯಲ್ಲಿದ್ದ ಸಾರು ಮಾತ್ರ 74 ಇತ್ತು! ಯಾರಿಗೂ ಏನೂ ಆಗಲಿಲ್ಲ, ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಡ್ಡಿಯೇ ಕೆಟ್ಟಿರಬಹುದೇ?

ಜೆಪಿ ನಗರ 6ನೇ ಹಂತ
ಕಡ್ಡಿಯದೇ ತಪ್ಪು. ನೀರು ಕುದಿಸಿ ಅದರಲ್ಲಿ ಅದ್ದಿ ನೋಡಿ. ನನ್ನದು 97 ತೋರಿಸುತ್ತದೆ, 3 ಡಿಗ್ರಿ ಕಡಿಮೆ. ನಾನು ಯಾವಾಗಲೂ 3 ಕೂಡಿಸಿಕೊಳ್ಳುತ್ತೇನೆ. ಗನ್ ಇರುವಾಗ ಕಡ್ಡಿ ಏಕೆ, ಊಟಕ್ಕೆ ಚುಚ್ಚುವುದು ಕೊಳಕು ಕೆಲಸ.

ಪೀಣ್ಯ ಕ್ಯಾಂಟೀನಿನವಳು
ಕೂಡಿಸಬೇಡಿ ಸಾರ್. ನಿಮ್ಮ ಕಡ್ಡಿ ಸರಿಯಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ. ಕಡ್ಡಿಯನ್ನು ಪರೀಕ್ಷಿಸುವುದಾದರೆ ಲೋಟದ ತುಂಬ ಪುಡಿ ಐಸು ಹಾಕಿ, ಸ್ವಲ್ಪ ನೀರು ಸೇರಿಸಿ, ಕಲಕಿ ಅದ್ದಿ. 0 ಬಂದರೆ ಸರಿ. ನೀವು ಮೂರು ಕೂಡಿಸಿದರೆ 57 ಇರುವ ಅನ್ನ ನಿಮ್ಮ ಲೆಕ್ಕದಲ್ಲಿ 60 ಆಗುತ್ತದೆ.

ಗನ್ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಅಂಚಿನ ಬಾತು ಬಿಸಿ ಪಾತ್ರೆಗೆ ಅಂಟಿಕೊಂಡಿರುವುದರಿಂದ 68 ಬಂದಿರಬಹುದು. ಹೊಳೆಯುವ ಸ್ಟೀಲಿಗೆ ಹಿಡಿದರಂತೂ ಅದು ಹೇಳುವುದನ್ನು ನಂಬಲೇ ಆಗದು. ಕೊಳಕಾಗುತ್ತದೆ ಎನ್ನುವುದಾದರೆ ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸಿ.

ಉತ್ತರಹಳ್ಳಿಯವರೇ, ಸಾರಿನ ಬಿಸಿ ತಾನೇ ಮೇಲೆ ಕೆಳಗೆ ಸುತ್ತುತ್ತದೆ. ಬಾತು ಗಟ್ಟಿ, ಕೆಳಗಿನ ಬಿಸಿ ಅಲ್ಲೇ ನಿಲ್ಲುತ್ತದೆ. ಆದರೆ ಅದೊಂದೇ ಕಾರಣವೋ ಅಲ್ಲವೋ ತಿಳಿಯಲು ಎರಡು ಸಂಗತಿ ಹೇಳಿ. ಕೆಳಗಿನ ನೀರಿನ ಬಿಸಿ ಎಷ್ಟಿತ್ತು? ಬಾತು ಎಷ್ಟು ಆಳ ತುಂಬಿದ್ದಿರಿ?

ಮಲ್ಲೇಶ್ವರದ ಸೊಸೆ
ನಮ್ಮ ನಾದಿನಿಯ ಮದುವೆಯಲ್ಲೂ ಹೀಗೆಯೇ ಆಯಿತು, ಮೊಸರನ್ನ ಒಂಬತ್ತು ಗಂಟೆಗೆ ಹುಳಿ ಬಂದಿತ್ತು. ಹಾಲು ಹೆಚ್ಚು ಹಾಕಿ ಕಲಸಬೇಕು.

ಪೀಣ್ಯ ಕ್ಯಾಂಟೀನಿನವಳು
ಅದು ತಣ್ಣಗೆ ಇಡಬೇಕಾದ ಪದಾರ್ಥ ಅಮ್ಮಾ, ಅದರ ದಾರಿಯೇ ಬೇರೆ. ಐಸಿನ ಮೇಲೆ ಇಡಿ. ಇಲ್ಲಿ ಮಾತು ಬಿಸಿಯದು.

ಉತ್ತರಹಳ್ಳಿ ಅಡುಗೆ
ಐಸು ನೀರಿನಲ್ಲಿ 0 ಬಂತು. ಶನಿವಾರ ನೀರಿನ ಬಿಸಿ ನೋಡಿರಲಿಲ್ಲ, ಹಾಗಾಗಿ ನಿನ್ನೆ ಮನೆಯಂಗಳದಲ್ಲಿ ಅದೇ ಎರಡು ಪಾತ್ರೆ ಇಟ್ಟು ನೋಡಿದೆ. ಛತ್ರದಲ್ಲಿ ಒಂದನೆಯ ಪಾತ್ರೆಯ ಪಕ್ಕ ಅತಿಥಿಗಳಿಗೆಂದು ನಿಲ್ಲಿಸುವ ಫ್ಯಾನು ಇತ್ತು, ಅದನ್ನೂ ಹಾಗೆಯೇ ಇಟ್ಟೆ. ಎರಡಕ್ಕೂ ನಲ್ಲಿ ನೀರು, ತಲಾ ಎರಡು ಡಬ್ಬಿ, ನಾಲ್ಕು ಅಂಗುಲ ಬಾತು. ಒಂದೂವರೆ ಗಂಟೆಯ ನಂತರ:

ಫ್ಯಾನಿನ ಪಕ್ಕದ್ದು: ನೀರು 58, ಬಾತಿನ ನಡು 49.
ಗಾಳಿ ಇಲ್ಲದ್ದು: ನೀರು 86, ಬಾತಿನ ನಡು 56.

ಫ್ಯಾನಿನ ಪಾತ್ರೆಯ ತಳ ತಿರುಗಿಸಿ ನೋಡಿದರೆ ಮಸಿ ಒಂದು ಮೂಲೆಯಲ್ಲಿ ಮಾತ್ರ ನಾಲಿಗೆಯಂತೆ ಹೊರಕ್ಕೆ ಚಾಚಿತ್ತು. ಶನಿವಾರದ್ದನ್ನು ತೊಳೆಯುವಾಗಲೂ ಅಲ್ಲೇ ಉಜ್ಜಿದ ನೆನಪು.

ಪೀಣ್ಯ ಕ್ಯಾಂಟೀನಿನವಳು
ಹಾಗಾದರೆ ನಿಮಗೆ ಎರಡು ರೋಗ. ಫ್ಯಾನಿನ ಪಕ್ಕದ್ದರಲ್ಲಿ ಬೆಂಕಿ ಮಲಗಿ ಪಾತ್ರೆಯ ಹೊರಗೆ ಉರಿದಿದೆ, ಆ ಮಸಿಯೇ ಸಾಕ್ಷಿ. ನೀರೇ 58 ಇರುವಾಗ ಮೇಲಿನ ಬಾತು 60 ಆಗುವುದೆಲ್ಲಿ? ಎರಡನೆಯದರಲ್ಲಿ ನೀರು ಚೆನ್ನಾಗಿದೆ, ಬಿಸಿ ನಡುವಿಗೆ ತಲುಪಿಲ್ಲ. ಅಲ್ಲಿ ಇನ್ನೂ ಎರಡು ಡಬ್ಬಿ ಹಚ್ಚಿದರೆ ತಳ ಹಿಡಿಯುತ್ತದೆಯೇ ಹೊರತು ನಡು ಬಿಸಿಯಾಗದು. ಇದಕ್ಕೇ ನೀರಿನ ಬಿಸಿ ಕೇಳಿದ್ದು. ನೀರು ತಣ್ಣಗಿದ್ದರೆ ಬೆಂಕಿಯ ಕಡೆ ನೋಡಿ, ನೀರು ಬಿಸಿಯಿದ್ದೂ ನಡು ತಣ್ಣಗಿದ್ದರೆ ಊಟದ ಕಡೆ ನೋಡಿ.

ಇನ್ನೊಂದು ಮಾತು. ಚೇಫಿಂಗ್ ಡಿಶ್ ಇರುವ ಬಿಸಿಯನ್ನು ಕಾಯುತ್ತದೆ, ಆರಿದ್ದನ್ನು ಮತ್ತೆ ಬಿಸಿ ಮಾಡುವುದಿಲ್ಲ. ಆರೂಕಾಲಿಗೆ ಇಳಿಸಿದ ಬಾತು ಏಳರವರೆಗೆ ಎಲ್ಲಿತ್ತು? ಮುಚ್ಚಳ ತೆರೆದು ಮೆಟ್ಟಿಲು ಹತ್ತಿಸಿದ್ದರೆ ತುಂಬುವ ಹೊತ್ತಿಗೇ 65ರ ಸುತ್ತ ಇದ್ದಿರುತ್ತದೆ. ನಾನು 80ಕ್ಕಿಂತ ಕಡಿಮೆ ಇದ್ದರೆ ತಟ್ಟೆಗೆ ಹಾಕಲು ಬಿಡುತ್ತಿರಲಿಲ್ಲ. ಕೆಳಗಿನ ನೀರು ಕುದಿಯುತ್ತಿರುವಾಗಲೇ ಸುರಿಯಬೇಕು, ಅದು ಹೆಬ್ಬೆರಳಷ್ಟು ಆಳವಿದ್ದು ಮೇಲಿನ ತಟ್ಟೆಯ ತಳಕ್ಕೆ ತಾಗಿರಬೇಕು. ಡಬ್ಬಿಯನ್ನು ಊಟ ಬರುವ ಕಾಲು ಗಂಟೆ ಮೊದಲೇ ಹಚ್ಚಿ. ಬಾತು ಎರಡು ಅಂಗುಲ ಸಾಕು. ಕಾಲು ಗಂಟೆಗೊಮ್ಮೆ ಸೌಟನ್ನು ತಳಕ್ಕೆ ಇಳಿಸಿ ಅಂಚಿನದನ್ನು ನಡುವಿಗೆ ಎಳೆಯಿರಿ.

ಒಲೆ ಭಟ್ಟ
ಮೂವತ್ತು ವರ್ಷ ಕೊಪ್ಪರಿಗೆಯಿಂದಲೇ ಬಡಿಸಿದ್ದೇನೆ. ಕೊಪ್ಪರಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ, ಮೇಲೆ ಬಾಳೆಎಲೆ ಮುಚ್ಚಿ, ಅದರ ಮೇಲೆ ತಟ್ಟೆ ಇಡಿ. ದೊಡ್ಡ ರಾಶಿ ಬೇಗ ಆರುವುದಿಲ್ಲ. ಅಕ್ಕ ಹೇಳುವ ಎರಡು ಅಂಗುಲದ ಬಾತು ಹತ್ತು ನಿಮಿಷದಲ್ಲಿ ಖಾಲಿ. ಆರಿತು ಎನ್ನಿಸಿದರೆ ಮತ್ತೆ ಕುದಿಸಿಬಿಡಿ, ಎಲ್ಲವೂ ಸತ್ತುಹೋಗುತ್ತದೆ.

ಪೀಣ್ಯ ಕ್ಯಾಂಟೀನಿನವಳು
ಭಟ್ಟರೇ, ಕೊಪ್ಪರಿಗೆಯ ಮಾತು ಒಪ್ಪಿದೆ. ಮೆಟ್ಟಿಲು ಹತ್ತಿಸುವಾಗ ಗೋಣಿಯ ಉಪಾಯ ನಾನೂ ಮಾಡಿದ್ದೇನೆ. ಖಾಲಿಯಾಗುವುದೂ ಒಳ್ಳೆಯದೇ, ಬೇರೆ ತಟ್ಟೆ ತುಂಬಿ ತಂದು ಇಡಿ. ಹಳೆಯದರ ಮೇಲೆ ಹೊಸದನ್ನು ಸುರಿದರೆ ತಳದಲ್ಲಿರುವುದು ಯಾವ ಗಂಟೆಯದು ಎಂದು ಯಾರಿಗೂ ಗೊತ್ತಾಗದು.

ಕುದಿಸಿದರೆ ಎಲ್ಲ ಸಾಯುತ್ತದೆ ಎನ್ನುವುದು ಅರ್ಧ ಸರಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಣಗಳಿರುತ್ತವೆ, ಅವು ಬೇಯಿಸಿದರೂ ಉಳಿಯುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ಬೆಳೆದು, ವಾಂತಿ ಮಾಡಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ವಾಸನೆ ರುಚಿಯಲ್ಲೂ ತಿಳಿಯುವುದಿಲ್ಲ. ಈಗಷ್ಟೇ 60ಕ್ಕಿಂತ ಇಳಿದಿದ್ದರೆ, ಎರಡು ಗಂಟೆ ದಾಟಿಲ್ಲವೆಂದು ಖಚಿತವಿದ್ದರೆ, ಒಲೆಯ ಮೇಲೆ ನಡು 75 ದಾಟುವವರೆಗೆ ಕುದಿಸಿ ತನ್ನಿ. ಎಷ್ಟು ಹೊತ್ತು ಎಂದು ಗೊತ್ತಿಲ್ಲದಿದ್ದರೆ ಚೆಲ್ಲಿ.

ಜೆಪಿ ನಗರ 6ನೇ ಹಂತ
97ರ ವಿಷಯ ಗೊತ್ತಿರಲಿಲ್ಲ. ಆದರೂ ಗನ್ ಬಿಡುವುದಿಲ್ಲ, ಯಾವ ಡಬ್ಬಿ ಆರಿದೆ ಎಂದು ದೂರದಿಂದ ನೋಡಲು ಆಗುತ್ತದೆ.

ಉತ್ತರಹಳ್ಳಿ ಅಡುಗೆ
ನಿನ್ನೆ ರಾತ್ರಿ ಇನ್ನೊಮ್ಮೆ ಮಾಡಿ ನೋಡಿದೆ. ಕುದಿಯುವ ನೀರು, 83 ಡಿಗ್ರಿಯ ಬಾತು, ಎರಡು ಅಂಗುಲ, ಫ್ಯಾನು ಇಲ್ಲ, ಕಾಲು ಗಂಟೆಗೊಮ್ಮೆ ಸೌಟು. ಒಂದೂವರೆ ಗಂಟೆಗೆ ನಡು 69. ಆದರೆ ಬಾತು ಕಲ್ಲಿನಂತೆ ಬಿಗಿದುಕೊಂಡಿತು. ಬಿಸಿನೀರು ಹಾಕಿ ಸಡಿಲಿಸಿದರೆ ಖಾರ, ಹುಳಿ ಎರಡೂ ಸಪ್ಪೆ.

ಒಲೆ ಭಟ್ಟ
ನೀರು ಬೇಡ. ಅದರದ್ದೇ ಬೇಳೆಕಟ್ಟನ್ನು ಪುಡಿ, ಹುಣಸೆರಸ ಹಾಕಿ ಪಕ್ಕದ ಒಲೆಯಲ್ಲಿ ಕುದಿಸುತ್ತಾ ಇಟ್ಟುಕೊಂಡು ಅದನ್ನೇ ಸುರಿಯಿರಿ.

ಪೀಣ್ಯ ಕ್ಯಾಂಟೀನಿನವಳು
ಒಲೆ ಉರಿಯುತ್ತಿದ್ದರೆ ಸರಿ. ಅರ್ಧ ಬೇಳೆಕಟ್ಟು ಫ್ಲಾಸ್ಕಿನಲ್ಲಿ ತಂದು ಸುರಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅದು ಎಷ್ಟಕ್ಕೆ ಆರಿದೆ ಎಂದು ಯಾರು ಅಳೆಯುತ್ತಾರೆ?

ಉತ್ತರಹಳ್ಳಿ ಅಡುಗೆ
ಆ ಛತ್ರದಲ್ಲಿ ಎಂಟೂವರೆಗೆ ಗ್ಯಾಸ್ ಮುಚ್ಚಿಸುತ್ತಾರೆ, ಊಟ ಹತ್ತೂವರೆಯವರೆಗೆ ನಡೆಯುತ್ತದೆ. ಆ ಎರಡು ಗಂಟೆಗೆ ಬೇಳೆಕಟ್ಟನ್ನು ಎಲ್ಲಿ ಕುದಿಸಲಿ ಎನ್ನುವುದು ಇನ್ನೂ ತಿಳಿದಿಲ್ಲ, ಮ್ಯಾನೇಜರನ್ನು ಕೇಳಿ ನೋಡುತ್ತೇನೆ. ಫ್ಯಾನನ್ನಂತೂ ಈ ಭಾನುವಾರ ನಾನೇ ಆಚೆ ಕಡೆಗೆ ತಿರುಗಿಸುತ್ತೇನೆ. ವರನ ಸೋದರಮಾವ ಸೆಕೆ ಎಂದು ಮತ್ತೆ ಇತ್ತ ತಿರುಗಿಸದಿರಲೆಂದು ಭಾವನನ್ನು ಅಲ್ಲೇ ನಿಲ್ಲಿಸುತ್ತೇನೆ.