ಅಪ್‌ಡೇಟ್: ಉಳಿದ ಅನುದಾನಕ್ಕೆ ಒಪ್ಪಿಗೆ ಬಂತು

ನನ್ನ ಪ್ರಶ್ನೆ: "ಶಿವಮೊಗ್ಗದ ನಮ್ಮ ಕಾಲೇಜಿಗೆ ಅಡಿಕೆ ತೋಟದ ಮಣ್ಣಿನ ಅಧ್ಯಯನಕ್ಕೆ ಬಂದ ಕೇಂದ್ರದ ಅನುದಾನದಲ್ಲಿ ಮಾರ್ಚ್ 31ಕ್ಕೆ 1,40,000 ರೂಪಾಯಿ ಉಳಿದಿದೆ. ಮುಂದಿನ ವರ್ಷಕ್ಕೆ ಒಯ್ಯೋದು ಹೇಗೆ?"

ಅಪ್‌ಡೇಟ್: ಒಪ್ಪಿಗೆ ಸಿಕ್ಕಿತು! ನನ್ನ ಪ್ರಶ್ನೆಗೆ ಉತ್ತರವಾಗಿ ಇಲ್ಲಿ ಕೆಲವರು ಅಂಗಡಿಯವರಿಗೆ ಮುಂಗಡ ಕೊಟ್ಟು ಖರ್ಚು ತೋರಿಸಿ ಅಂದಿದ್ರಲ್ಲ, ಅದು ನಡೆಯಲಿಲ್ಲ. ಸಾಮಾನು ಬರದೆ ಅದು ಖರ್ಚಲ್ಲ, ಬರೀ ಮುಂಗಡ ಅಂದರು ಆಡಿಟರ್. ಕೆಲಸ ಮಾಡಿದ್ದು ಲೆಕ್ಕಪತ್ರ ವಿಭಾಗದ ಮೇಡಂ ಹೇಳಿದ ದಾರಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ, ಅಂದ್ರೆ ಜಿಎಫ್‌ಆರ್‌ನ, 12-ಎ ನಮೂನೆಯ ಬಳಕೆ ಪ್ರಮಾಣಪತ್ರದಲ್ಲಿ ಪೂರ್ತಿ 1,40,000 ಉಳಿಕೆ ಅಂತಲೇ ತೋರಿಸಿದೆವು. ಜೊತೆಗಿನ ಪತ್ರದಲ್ಲಿ, ಇದರಲ್ಲಿ 90,000 ಆರ್ಡರ್ ಕೊಟ್ಟ ಉಪಕರಣಕ್ಕೆ, 50,000 ತೀರ್ಥಹಳ್ಳಿ ಕಡೆಯ ಮಾದರಿ ಸಂಗ್ರಹಕ್ಕೆ ಎಂದು ಬಿಡಿಸಿ ಬರೆದು, ಆರ್ಡರ್ ಪ್ರತಿ ಇಟ್ಟೆವು.

ಅಚ್ಚರಿ ಅಂದ್ರೆ ಅನುದಾನದ ಹಣಕ್ಕೆ ಬಂದ ಬಡ್ಡಿ! ಅದನ್ನು ಉಳಿಕೆಗೆ ಸೇರಿಸಿ ಇಟ್ಕೊಳ್ಳೋ ಹಾಗಿಲ್ಲ. 3,200 ರೂಪಾಯಿ ಬಡ್ಡಿಯನ್ನು ಕೇಂದ್ರ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಭಾರತಕೋಶ ತಾಣದಲ್ಲಿ ಕಟ್ಟಿ, ರಸೀದಿ ಕಳಿಸಿದ ಮೇಲೆಯೇ ಫೈಲ್ ಮುಂದೆ ಹೋಯಿತು.